30 ಕ್ಯೂಬಿಟ್‌ನಲ್ಲಿ 100 ಕೋಟಿ ಸಮೀಕರಣ ಬಿಡಿಸಬಹುದಂತೆ. ಹಾಗಾದ್ರೆ b ಒಳಗೆ ಹೋಗೋದು ಹೇಗೆ, x ಹೊರಗೆ ಬರೋದು ಹೇಗೆ?

ಸಾಲುಸಾಲು

ಒಂದು ಭಾಷಣದ ಸ್ಲೈಡ್ ನೋಡಿದೆ. `Ax = b` ಅನ್ನೋ ಸಮೀಕರಣ ವ್ಯವಸ್ಥೆಯಲ್ಲಿ 100 ಕೋಟಿ ಅಜ್ಞಾತಗಳಿದ್ದರೂ ಕ್ವಾಂಟಮ್ ಕಂಪ್ಯೂಟರ್‌ಗೆ 30 ಕ್ಯೂಬಿಟ್ ಸಾಕು, ಸಮಯ `log N` ಲೆಕ್ಕದಲ್ಲಿ ಮಾತ್ರ ಬೆಳೆಯುತ್ತದೆ ಅಂತ ಇತ್ತು. ಕೆಳಗೆ ದಪ್ಪಕ್ಷರದಲ್ಲಿ ‘ಎಕ್ಸ್‌ಪೊನೆನ್ಷಿಯಲ್ ಸ್ಪೀಡಪ್’.

ನಾನು ದಿನಾ ಕಾಂಜುಗೇಟ್ ಗ್ರೇಡಿಯಂಟ್ ಓಡಿಸುವವನು. ನನಗೆ ಒಂದೇ ಅನುಮಾನ. b ಅನ್ನೋದೇ 100 ಕೋಟಿ ಸಂಖ್ಯೆಗಳ ಪಟ್ಟಿ. ಅದನ್ನು ಒಂದು ಸಲ ಓದಬೇಕು ಅಂದರೂ 100 ಕೋಟಿ ಹೆಜ್ಜೆ ಆಗಲೇ ಆಯ್ತಲ್ಲ? ಉತ್ತರ x ಕೂಡ ಅಷ್ಟೇ ಉದ್ದ. ಅದನ್ನು ಬರೆಯೋಕೂ ಅಷ್ಟೇ ಹೆಜ್ಜೆ ಬೇಕು. ಮಧ್ಯದ ಕೆಲಸ ಎಷ್ಟೇ ಬೇಗ ಆದರೂ `log N` ಎಲ್ಲಿಂದ ಬಂತು?

ಹ್ಯಾಡಮಾರ್ಡ್_ಹುಡುಗ

ಸ್ಲೈಡ್ ಸರಿಯಾಗಿಯೇ ಇದೆ ಸರ್. ಅದು 2009ರಲ್ಲಿ ಹ್ಯಾರೋ, ಹಸಿದಿಮ್, ಲಾಯ್ಡ್ ಪ್ರಕಟಿಸಿದ ವಿಧಾನ. ಎಲ್ಲರೂ ಎಚ್‌ಎಚ್‌ಎಲ್ ಅಂತಾರೆ. 100 ಕೋಟಿ ಸಂಖ್ಯೆಗಳು 30 ಕ್ಯೂಬಿಟ್‌ಗಳ ಆಂಪ್ಲಿಟ್ಯೂಡ್‌ಗಳಲ್ಲಿ, ಅಂದ್ರೆ ಒಂದೊಂದು ಬಿಟ್‌ಸಾಲಿಗೂ ಅಂಟಿಕೊಂಡಿರುವ ತೂಕಗಳಲ್ಲಿ, ಕೂರುತ್ತವೆ, ಯಾಕಂದ್ರೆ 2^30 ಅಂದ್ರೆ 107 ಕೋಟಿ ಚಿಲ್ಲರೆ. ಎಲ್ಲವನ್ನೂ ಒಟ್ಟಿಗೇ ಸಂಸ್ಕರಿಸುವುದರಿಂದ ಒಂದೊಂದಾಗಿ ಓದುವ ಪ್ರಶ್ನೆಯೇ ಬರಲ್ಲ.

ನಾನು 4×4 ಮ್ಯಾಟ್ರಿಕ್ಸ್‌ಗೆ ಸಿಮ್ಯುಲೇಟರ್‌ನಲ್ಲಿ ಓಡಿಸಿ ನೋಡಿದ್ದೇನೆ. x ನೂರಕ್ಕೆ 99ರಷ್ಟು ಸರಿ ಬಂತು. ದೊಡ್ಡ ಯಂತ್ರ ಬರೋದಷ್ಟೇ ಬಾಕಿ.

ತಂಪುಪೆಟ್ಟಿಗೆ

ದೊಡ್ಡ ಯಂತ್ರ ಬರಲಿ ಮೊದಲು. ಈಗಿನ ಕ್ಯೂಬಿಟ್‌ಗಳಲ್ಲಿ ನಾಯ್ಸ್ ಎಷ್ಟಿದೆ ಗೊತ್ತಾ? ಎಚ್‌ಎಚ್‌ಎಲ್ ಸರ್ಕ್ಯೂಟ್ ಅಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಎಲ್ಲಾ ಕಲಸಿಹೋಗಿರುತ್ತೆ. ಎರರ್ ಕರೆಕ್ಷನ್ ಇಲ್ಲದೆ ಈ ಚರ್ಚೆಯೇ ವ್ಯರ್ಥ. ಎಚ್ಚರಿಕೆ ಬೇಕು ಅನ್ನೋದು ಅದಕ್ಕೇ.

ಐಗನ್

ತಂಪುಪೆಟ್ಟಿಗೆ ಅವರೇ, ಸಾಲುಸಾಲು ಕೇಳಿದ್ದು ನಾಯ್ಸ್ ಬಗ್ಗೆ ಅಲ್ಲ. ಒಂದೇ ಒಂದು ತಪ್ಪೂ ಮಾಡದ ಯಂತ್ರವನ್ನೇ ಕೊಟ್ಟರು ಅಂದುಕೊಳ್ಳಿ. ಆಗಲೂ ಅವರ ಪ್ರಶ್ನೆ ಹಾಗೇ ಉಳಿಯುತ್ತದೆ. ಅದು ಸರಿಯಾದ ಪ್ರಶ್ನೆಯೇ.

ಎಚ್‌ಎಚ್‌ಎಲ್ ಪ್ರಬಂಧ ಯಾರಿಗೂ ಸುಳ್ಳು ಹೇಳಿಲ್ಲ. ಅದು ಭರವಸೆ ಕೊಡುವುದು ಇಷ್ಟು: b ಅನ್ನು ಪ್ರತಿನಿಧಿಸುವ ಸ್ಥಿತಿ `|b⟩` ನಿಮ್ಮ ಕೈಯಲ್ಲಿ ಈಗಾಗಲೇ ಇದ್ದರೆ, A ಸ್ಪಾರ್ಸ್ ಆಗಿದ್ದು ಅದರ ಯಾವ ಸಾಲು ಕೇಳಿದರೂ ಬೇಗ ಸಿಗುವಂತಿದ್ದರೆ, ಕಂಡಿಷನ್ ನಂಬರ್ κ ಚಿಕ್ಕದಿದ್ದರೆ, ಆಗ `|x⟩` ಅನ್ನೋ ಸ್ಥಿತಿಯನ್ನು ತಯಾರಿಸಿ ಕೊಡುತ್ತೇನೆ. ಸಮಯ `log N` ಮತ್ತು κ ವರ್ಗದ ಲೆಕ್ಕದಲ್ಲಿ. ಗಮನಿಸಿ, x ಕೊಡುತ್ತೇನೆ ಅಂತ ಎಲ್ಲೂ ಹೇಳಿಲ್ಲ. ಈ ಷರತ್ತುಗಳನ್ನು ಸ್ಕಾಟ್ ಆರನ್‌ಸನ್ 2015ರಲ್ಲೇ ಬಿಡಿಸಿ ಬರೆದರು. ಸ್ಲೈಡ್ ಮಾಡುವವರು ಷರತ್ತು ಬಿಟ್ಟು `log N` ಅಷ್ಟೇ ಎತ್ತಿಕೊಳ್ಳುತ್ತಾರೆ.

ಮೊದಲು ಒಳಗೆ ಹಾಕುವ ಲೆಕ್ಕ ಮಾಡೋಣ. b ಯಾವುದೋ ಉಪಕರಣ ಅಳೆದ ದತ್ತಾಂಶ, ಅದರಲ್ಲಿ ಯಾವ ಸೂತ್ರವೂ ಇಲ್ಲ ಅಂದುಕೊಳ್ಳಿ. 2^30 ಆಂಪ್ಲಿಟ್ಯೂಡ್‌ಗಳನ್ನು ಸರಿಯಾಗಿ ಕೂರಿಸಲು ಸುಮಾರು 2^30 ರೊಟೇಷನ್‌ಗಳು ಬೇಕು. ಒಂದೊಂದರ ಕೋನವೂ ಬೇರೆ. ಎರರ್ ಕರೆಕ್ಷನ್ ಇರುವ ಯಂತ್ರದಲ್ಲಿ ರೊಟೇಷನ್ ಅನ್ನು ನೇರವಾಗಿ ಮಾಡೋಕಾಗಲ್ಲ, T ಗೇಟ್‌ಗಳಿಂದ ಕಟ್ಟಬೇಕು. 100 ಕೋಟಿ ರೊಟೇಷನ್‌ಗಳ ತಪ್ಪು ಒಟ್ಟುಗೂಡಬಾರದು ಅಂದ್ರೆ ಒಂದೊಂದಕ್ಕೂ ಹತ್ತು ದಶಮಾಂಶ ಸ್ಥಾನದಷ್ಟು ನಿಖರತೆ ಬೇಕು. ಅದಕ್ಕೆ ಸುಮಾರು 100 T ಗೇಟ್ ಹಿಡಿಯುತ್ತವೆ. ಒಟ್ಟು ಹತ್ತು ಸಾವಿರ ಕೋಟಿ ದಾಟಿತು. ಒಂದು ಗೇಟ್‌ಗೆ ಒಂದು ಮೈಕ್ರೊಸೆಕೆಂಡ್ ಅಂತ ಉದಾರವಾಗಿ ಕೊಟ್ಟರೂ ಒಂದು ಸಲ b ಲೋಡ್ ಮಾಡೋಕೆ 28 ಗಂಟೆಗಿಂತ ಜಾಸ್ತಿ.

ಇದೇ b ಸಾಮಾನ್ಯ ಸರ್ವರ್‌ನಲ್ಲಿ ಡಬಲ್ ಪ್ರಿಸಿಷನ್‌ನಲ್ಲಿ 8 ಜಿಬಿ. ಓದೋಕೆ ಕೆಲವು ಸೆಕೆಂಡು. ಸಮಸ್ಯೆ ಒಂದು ಘನಾಕೃತಿಯ ಗ್ರಿಡ್ ಮೇಲಿನ ಪಾಯ್ಸಾನ್ ಸಮೀಕರಣ ಆಗಿದ್ದರೆ, ಆ 28 ಗಂಟೆಯೊಳಗೆ ಸರ್ವರ್ ಇಡೀ ಲೆಕ್ಕವನ್ನೇ ಮುಗಿಸಿ ಸುಮ್ನೆ ಕೂತಿರುತ್ತದೆ.

ಸಾಲುಸಾಲು

ಒಂದು ಸಲ ಲೋಡ್ ಮಾಡಿಟ್ಟರೆ ಮತ್ತೆ ಮತ್ತೆ ಬಳಸಬಹುದಲ್ವಾ? ನಮ್ಮಲ್ಲಿ ಮ್ಯಾಟ್ರಿಕ್ಸ್ ಅಸೆಂಬಲ್ ಮಾಡೋಕೂ ಹೊತ್ತು ಹಿಡಿಯುತ್ತೆ. ಆದರೆ ಅದು ಒಂದೇ ಸಲದ ಖರ್ಚು.

ಐಗನ್

ಆಗಲ್ಲ. ಪೆಟ್ಟು ಬೀಳೋದೇ ಅಲ್ಲಿ. ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಿ ಇಟ್ಟುಕೊಳ್ಳಲು ಬರಲ್ಲ. ಅಳತೆ ಮಾಡಿದರೆ ಅದು ಕುಸಿದು ಒಂದು ಉತ್ತರವಾಗಿ ಉಳಿಯುತ್ತದೆ, b ಹೋಯಿತು. ಮುಂದಿನ ಓಟಕ್ಕೆ ಮತ್ತೆ ಮೊದಲಿಂದ.

ಒಂದು ಓಟದ ಒಳಗೂ ಒಂದೇ ಲೋಡಿಂಗ್ ಅಲ್ಲ. ವಿಲೋಮ ಮಾಡುವ ಹೆಜ್ಜೆ ಪ್ರತಿ ಸಲ ಯಶಸ್ವಿಯಾಗಲ್ಲ. ಯಶಸ್ಸಿನ ಸಾಧ್ಯತೆ ಹೆಚ್ಚಿಸಲು ಆಂಪ್ಲಿಟ್ಯೂಡ್ ಆಂಪ್ಲಿಫಿಕೇಷನ್ ಬಳಸುತ್ತಾರೆ. ಮೂಲ ಎಚ್‌ಎಚ್‌ಎಲ್‌ನಲ್ಲಿ, ಕೆಟ್ಟ ಸಂದರ್ಭದಲ್ಲಿ, ಅದರ ಸುತ್ತುಗಳು κಯಷ್ಟು. ಪ್ರತಿ ಸುತ್ತಿನಲ್ಲೂ b ತಯಾರಿಸುವ ಸರ್ಕ್ಯೂಟ್ ಮುಂದಕ್ಕೂ ಓಡಬೇಕು, ಹಿಂದಕ್ಕೂ ಓಡಬೇಕು. ಮೇಲೆ ಹೇಳಿದ ಘನಾಕೃತಿಯಲ್ಲಿ ಒಂದು ಬದಿಗೆ 1024 ಬಿಂದು, κ ಸುಮಾರು 4 ಲಕ್ಷ. 28 ಗಂಟೆಯನ್ನು 4 ಲಕ್ಷದಿಂದ ಗುಣಿಸಿ ನೋಡಿ. ನಂತರ ಬಂದ ವಿಧಾನಗಳು ಈ ಸಂಖ್ಯೆಯನ್ನು ತಗ್ಗಿಸಿವೆ, ನಿಜ. ಆದರೆ 28 ಗಂಟೆಯನ್ನು ಅವು ಮುಟ್ಟಲ್ಲ.

ಹ್ಯಾಡಮಾರ್ಡ್_ಹುಡುಗ

ನಾನು 4×4ಗೆ `prepare_state` ಬಳಸಿದ್ದೆ. ಒಂದೇ ಸಾಲು ಕೋಡ್. ಅಷ್ಟು ಕಷ್ಟ ಅನ್ನಿಸಲೇ ಇಲ್ಲ.

ಕೂಟಲೇಖ

ಕೋಡ್ ಒಂದೇ ಸಾಲು, ಸರ್ಕ್ಯೂಟ್ ಅಲ್ಲ. ಇದನ್ನು ಓಡಿಸಿ ನೋಡಿ:

```python
import numpy as np
from qiskit import QuantumCircuit, transpile

for n in range(4, 13):
    b = np.random.rand(2**n)
    b = b / np.linalg.norm(b)
    qc = QuantumCircuit(n)
    qc.prepare_state(b, range(n))
    t = transpile(qc, basis_gates=["cx", "rz", "sx", "x"])
    print(n, t.count_ops().get("cx"), t.depth())
```

`n` ಒಂದು ಹೆಚ್ಚಿದಾಗಲೆಲ್ಲಾ `cx` ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಆಮೇಲೆ `b = np.ones(2**n)` ಅಂತ ಬದಲಿಸಿ, `prepare_state` ತೆಗೆದು, ಎಲ್ಲಾ ಕ್ಯೂಬಿಟ್‌ಗೂ `qc.h(range(n))` ಹಾಕಿ. ಅದೇ ಸ್ಥಿತಿಗೆ `n` ಗೇಟ್ ಸಾಕು. ಎಲ್ಲ ಅಂಶವೂ ಸಮ ಇರುವ b ಅಗ್ಗ. ಒಂದೇ ಅಂಶ ಸೊನ್ನೆಯಲ್ಲದ b ಕೂಡ ಅಗ್ಗ. ನಯವಾದ ಸೂತ್ರದಿಂದ ಬರುವ b, ಅದರ ಭಾಗಶಃ ಮೊತ್ತಗಳನ್ನು ಸುಲಭವಾಗಿ ಲೆಕ್ಕ ಹಾಕುವಂತಿದ್ದರೆ, ಅದೂ ಅಗ್ಗವೇ. ಗ್ರೋವರ್ ಮತ್ತು ರುಡಾಲ್ಫ್ 2002ರಲ್ಲೇ ದಾರಿ ತೋರಿಸಿದ್ದಾರೆ. ದುಬಾರಿಯಾಗೋದು ಸುಮ್ನೆ ದತ್ತಾಂಶವಾಗಿ ಬರುವ b.

ಇನ್ನೊಂದು. ನಿಮ್ಮ 99% ಅನ್ನು ಹೇಗೆ ನೋಡಿದಿರಿ? ಸ್ಟೇಟ್‌ವೆಕ್ಟರ್ ಪ್ರಿಂಟ್ ಮಾಡಿದಿರಿ ಅಲ್ವಾ?

ಹ್ಯಾಡಮಾರ್ಡ್_ಹುಡುಗ

ಹೌದು. `Statevector` ತೆಗೆದುಕೊಂಡು ನಂಪೈ ಉತ್ತರದ ಜೊತೆ ಹೋಲಿಸಿದೆ.

ಕೂಟಲೇಖ

ಆ ಪ್ರಿಂಟ್ ಸಿಮ್ಯುಲೇಟರ್ ಕೊಡುವ ಸೌಲಭ್ಯ. ನಿಜವಾದ ಯಂತ್ರಕ್ಕೆ ಆ ಆದೇಶವೇ ಇಲ್ಲ. ಅಲ್ಲಿ ಸಿಗೋದು ಪ್ರತಿ ಓಟಕ್ಕೆ ಒಂದು ಬಿಟ್‌ಸಾಲು, ಅಷ್ಟೇ.

ಮೆಮೊರಿಪ್ರಿಯ

ಲೋಡಿಂಗ್‌ಗೆ ಕ್ಯೂರ್‍ಯಾಮ್ ಇದೆಯಲ್ಲ, ಅದನ್ನು ಯಾರೂ ಹೇಳ್ತಾನೇ ಇಲ್ಲ. ಜೋವನೆಟ್ಟಿ, ಲಾಯ್ಡ್, ಮಕೋನೆ 2008ರಲ್ಲೇ ವಿನ್ಯಾಸ ಕೊಟ್ಟಿದ್ದಾರೆ. ಒಂದು ಮರದ ಹಾಗೆ ಕವಲೊಡೆಯುವ ಮೆಮೊರಿ. ವಿಳಾಸ ಸೂಪರ್‌ಪೊಸಿಷನ್‌ನಲ್ಲಿ ಕೊಟ್ಟರೆ ದತ್ತಾಂಶವೂ ಸೂಪರ್‌ಪೊಸಿಷನ್‌ನಲ್ಲಿ ಬರುತ್ತೆ, `log N` ಆಳದಲ್ಲಿ. 28 ಗಂಟೆ ಲೆಕ್ಕ ಎಲ್ಲಾ ಗೇಟ್‌ಗಳನ್ನೂ ಒಂದಾದ ಮೇಲೆ ಒಂದು ಓಡಿಸಿದರೆ ಮಾತ್ರ.

ಐಗನ್

ಒಪ್ಪುತ್ತೇನೆ, ನನ್ನ ಲೆಕ್ಕ ಸಾಲಾಗಿ ಓಡಿಸುವುದರದ್ದು. ಸಮಾನಾಂತರವಾಗಿ ಓಡಿಸಿದರೆ ಸಮಯ ಇಳಿಯುತ್ತದೆ. ಆದರೆ ಆ ಮರದ ಎಲೆಗಳು 107 ಕೋಟಿ, ಕವಲುಗಳೂ ಅಷ್ಟೇ. ಅಷ್ಟೂ ಕವಲು ಕ್ವಾಂಟಮ್ ಆಗಿ ಕೆಲಸ ಮಾಡಬೇಕು. 30 ಕ್ಯೂಬಿಟ್ ಅಂತ ಹೇಳಿದ ಸ್ಲೈಡ್ ಆ ಗಳಿಗೆಯಲ್ಲೇ ಬಿದ್ದುಹೋಯಿತು. 100 ಕೋಟಿ ಘಟಕಗಳ ಯಂತ್ರಾಂಶ ನಿಮಗೆ ಕೊಡುವುದಾದರೆ, ಎದುರಾಳಿಗೂ 100 ಕೋಟಿ ಮಾಮೂಲಿ ಪ್ರೊಸೆಸರ್ ಕೊಡಬೇಕಲ್ಲವೇ? ಅಷ್ಟು ಪ್ರೊಸೆಸರ್ ಇದ್ದರೆ ಸ್ಪಾರ್ಸ್ ಮ್ಯಾಟ್ರಿಕ್ಸ್ ಗುಣಾಕಾರದ ಬಹುಪಾಲು ಒಂದೇ ಉಸಿರಿನಲ್ಲಿ ಮುಗಿಯುತ್ತದೆ.

ಮರವನ್ನು ಮೊದಲ ಸಲ ತುಂಬಿಸುವ ಖರ್ಚೂ ಉಂಟು, ಅದು N ಹೆಜ್ಜೆ. ಒಂದೇ ದತ್ತಾಂಶದ ಮೇಲೆ ಸಾವಿರಾರು ಪ್ರಶ್ನೆ ಕೇಳುವುದಿದ್ದರೆ ಆ ಖರ್ಚು ಹಂಚಿಹೋಗುತ್ತದೆ. ಪ್ರತಿ ಸಲ ಹೊಸ b ಬರುವ ಕೆಲಸದಲ್ಲಿ ಹಂಚಿಹೋಗಲ್ಲ.

ಮೆಮೊರಿಪ್ರಿಯ

ಆ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೆಮೊರಿ ಕೋಶ ಬೇರೆ, ಪ್ರೊಸೆಸರ್ ಬೇರೆ. ಕವಲು ಅಷ್ಟೊಂದು ದುಬಾರಿಯೇ ಆಗಬೇಕು ಅಂತೇನಿಲ್ಲ. ತಪ್ಪುಗಳು ಆ ಮರದಲ್ಲಿ ಅಷ್ಟು ಬೇಗ ಹರಡಲ್ಲ ಅಂತಲೂ ವಾದ ಇದೆ. ಒಂದು ಪ್ರಶ್ನೆಗೆ ನಿಜವಾಗಿ ಬಳಕೆಯಾಗುವ ದಾರಿಯಲ್ಲಿರೋದು 30 ಕವಲು.

ಐಗನ್

ಮರ ನಾಯ್ಸ್ ತಾಳಿಕೊಳ್ಳುತ್ತೆ ಅನ್ನೋದು ಸರಿ. ಕವಲುಗಳಿಗೂ ಎರರ್ ಕರೆಕ್ಷನ್ ಬೇಕೇ ಬೇಡವೇ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಬೇಕು ಅಂದರೆ ನನ್ನ ಮಾತು ನಿಲ್ಲುತ್ತೆ, ಬೇಡ ಅಂದರೆ ನಿಮ್ಮದು. ಈ ಎಳೆಯಲ್ಲಿ ಅದು ತೀರ್ಮಾನ ಆಗಲ್ಲ ಬಿಡಿ.

ಸಾಲುಸಾಲು

ಸರಿ, b ಸೂತ್ರದಿಂದ ಬರುತ್ತೆ ಅಂತಲೇ ಇಟ್ಟುಕೊಳ್ಳಿ. κ ಕೂಡ ಚಿಕ್ಕದು. `|x⟩` ಕೈಗೆ ಬಂತು. ಒಂದು ಹತ್ತು ಲಕ್ಷ ಸಲ ಓಡಿಸಿ ಅಳತೆ ಮಾಡಿದರೆ x ಒಂದು ಅಂದಾಜಿಗಾದರೂ ಸಿಗಲ್ವಾ?

ಐಗನ್

ಹತ್ತು ಲಕ್ಷ ಸಲ ಅಳೆದರೆ ನಿಮ್ಮ ಕೈಗೆ ಏನು ಬರುತ್ತೆ ನೋಡಿ. ಪ್ರತಿ ಅಳತೆ ಒಂದು ಸೂಚ್ಯಂಕ i ಕೊಡುತ್ತದೆ. ಅದು ಬರುವ ಸಾಧ್ಯತೆ x_i ವರ್ಗದಷ್ಟು. x ತಕ್ಕಮಟ್ಟಿಗೆ ಸಮವಾಗಿ ಹರಡಿದ್ದರೆ ಒಂದೊಂದು i ಬರುವ ಸಾಧ್ಯತೆ 107 ಕೋಟಿಗೆ ಒಂದು. ಹತ್ತು ಲಕ್ಷ ಅಳತೆಯಲ್ಲಿ ಒಂದೇ ಸೂಚ್ಯಂಕ ಎರಡು ಸಲ ಕಾಣುವುದು ಸುಮಾರು 460 ಕಡೆ. ಉಳಿದದ್ದೆಲ್ಲಾ ಒಂದೊಂದೇ ಸಲ ಬಂದ ಬೇರೆ ಬೇರೆ ಸೂಚ್ಯಂಕ. ಅಂದರೆ ನಿಮ್ಮ ಹತ್ತಿರ ಇರೋದು ಹತ್ತು ಲಕ್ಷ ವಿಳಾಸ. ಬೆಲೆ ಒಂದೂ ಇಲ್ಲ.

ಚಿಹ್ನೆಯೂ ಹೋಯಿತು. x_i ಧನವೋ ಋಣವೋ, ವರ್ಗ ಮಾಡಿದ ಮೇಲೆ ಎರಡೂ ಒಂದೇ. ಒಟ್ಟು ಗಾತ್ರವೂ ಗೊತ್ತಾಗಲ್ಲ, ಯಾಕಂದ್ರೆ `|x⟩` ಉದ್ದ ಯಾವಾಗಲೂ 1. ನಿಜವಾದ x ಎಷ್ಟು ದೊಡ್ಡದು ಅನ್ನೋದನ್ನು ವಿಲೋಮದ ಹೆಜ್ಜೆ ಎಷ್ಟು ಸಲ ಯಶಸ್ವಿಯಾಯಿತು ಅನ್ನೋದರಿಂದ ಬೇರೆಯಾಗಿ ಅಂದಾಜು ಮಾಡಬೇಕು.

ಒಂದೇ ಒಂದು x_i ಬೇಕು, 1% ನಿಖರತೆ ಸಾಕು ಅಂದರೂ, ನೇರ ಅಳತೆಯಲ್ಲಿ ಎರಡೂವರೆ ಲಕ್ಷ ಕೋಟಿ ಓಟ ದಾಟುತ್ತದೆ. ಆಂಪ್ಲಿಟ್ಯೂಡ್ ಎಸ್ಟಿಮೇಷನ್ ಬಳಸಿದರೆ N ಬದಲು ವರ್ಗಮೂಲ ಸಾಕು. ಅದು 32,768. ಅದನ್ನು 1% ನಿಖರತೆಗೆ ಬೇಕಾದ 100ರಿಂದ ಗುಣಿಸಿದರೆ ಸುಮಾರು 33 ಲಕ್ಷ. ಚೆನ್ನಾಗಿ ಇಳಿಯಿತು, ಆದರೆ ಅದು `log N` ಅಲ್ಲ.

ಹ್ಯಾಡಮಾರ್ಡ್_ಹುಡುಗ

ಆದರೆ ಹೊಸ ವಿಧಾನಗಳಲ್ಲಿ ನಿಖರತೆಯ ಖರ್ಚು `log(1/ε)` ಅಷ್ಟೇ ಅಲ್ವಾ? ಚೈಲ್ಡ್ಸ್, ಕೊಠಾರಿ, ಸೊಮ್ಮಾ 2017ರ ಪ್ರಬಂಧದಲ್ಲಿ ಹಾಗಿದೆ.

ಐಗನ್

ಒಳ್ಳೆಯ ಪ್ರಶ್ನೆ. ಬಹಳ ಜನ ಇಲ್ಲೇ ಜಾರುತ್ತಾರೆ. ಆ `log(1/ε)` ಖರ್ಚು `|x⟩` ಅನ್ನು ತಯಾರಿಸಲು. ಅದರಿಂದ ಒಂದು ಸಂಖ್ಯೆ ಹೊರಗೆ ತೆಗೆಯಬೇಕಾದರೆ ನೇರ ಅಳತೆಗೆ `1/ε²`, ಆಂಪ್ಲಿಟ್ಯೂಡ್ ಎಸ್ಟಿಮೇಷನ್‌ಗೆ `1/ε` ಮತ್ತೆ ಸೇರಿಕೊಳ್ಳುತ್ತದೆ. ಸ್ಥಿತಿ ಹತ್ತು ದಶಮಾಂಶದವರೆಗೆ ಸರಿ ಇದ್ದರೂ ನಿಮ್ಮ ಕೈಗೆ ಬರುವ ಸಂಖ್ಯೆ ಎರಡು ದಶಮಾಂಶದ್ದೇ ಇರಬಹುದು. ಇದನ್ನು ತಪ್ಪಿಸಿಕೊಳ್ಳುವ ಸಾಮಾನ್ಯ ದಾರಿ ಇರಲಾರದು ಅಂತ ಎಚ್‌ಎಚ್‌ಎಲ್ ಪ್ರಬಂಧವೇ ವಾದಿಸಿದೆ: ಹಾಗೆ ಆಗುವುದಾದರೆ ಕ್ವಾಂಟಮ್ ಕಂಪ್ಯೂಟರ್ ಬೇಗ ಬಿಡಿಸಬಲ್ಲ ಸಮಸ್ಯೆಗಳ ವರ್ಗ BQP, ಅದಕ್ಕಿಂತ ತುಂಬಾ ದೊಡ್ಡದು ಅಂತ ನಂಬಿರುವ ವರ್ಗ PP, ಎರಡೂ ಒಂದೇ ಆಗಿಬಿಡುತ್ತವೆ. ಅದನ್ನು ಯಾರೂ ನಂಬುವುದಿಲ್ಲ.

ಬೀಮು_ಕಂಬ

ನಾನು ಸ್ಟ್ರಕ್ಚರಲ್ ಲೆಕ್ಕ ಮಾಡುವವನು. ಫೈನೈಟ್ ಎಲಿಮೆಂಟ್ ಮಾದರಿ, ಸುಮಾರು 3 ಕೋಟಿ ಅಜ್ಞಾತ. ನನಗೆ x ಪೂರ್ತಿ ಬೇಡ. ಒಂದು ಮೂಲೆಯಲ್ಲಿ ಸ್ಟ್ರೆಸ್ ಎಷ್ಟು ಅನ್ನೋದು ಗೊತ್ತಾದರೆ ಸಾಕು. ಲೋಡ್ ಕೂಡ ನಾಲ್ಕೈದು ನೋಡ್ ಮೇಲಷ್ಟೇ. ನೀವು ಹೇಳಿದ ಎರಡೂ ತಕರಾರು ನನಗೆ ತಾಗಲ್ಲ ಅನ್ನಿಸುತ್ತೆ. ಅಥವಾ ತಾಗುತ್ತಾ?

ಐಗನ್

b ಮಟ್ಟಿಗೆ ನೀವು ಅದೃಷ್ಟವಂತರು. ನಾಲ್ಕೈದು ಅಂಶ ಮಾತ್ರ ಇರುವ b ತಯಾರಿಸೋದು ಸುಲಭ. ಆದರೆ ನಿಮ್ಮ ಮೆಶ್ ಹೇಗಿದೆ? ಸಮ ಚೌಕಗಳ ಗ್ರಿಡ್ ಆದರೆ A ಯ ಯಾವ ಸಾಲನ್ನಾದರೂ ಸೂತ್ರದಿಂದ ಪಡೆಯಬಹುದು. ಅಂಕುಡೊಂಕು ಮೆಶ್ ಆದರೆ ಯಾವ ನೋಡ್ ಪಕ್ಕ ಯಾವುದಿದೆ, ಎಲಿಮೆಂಟ್ ಆಕಾರ ಏನು ಅನ್ನೋದೆಲ್ಲಾ ಕಡತದಲ್ಲಿರುವ ದತ್ತಾಂಶ. ಅದನ್ನು ಸೂಪರ್‌ಪೊಸಿಷನ್‌ನಲ್ಲಿ ಕೇಳಬೇಕು, ಅದೂ ಸರ್ಕ್ಯೂಟ್ ಉದ್ದಕ್ಕೂ ಪದೇ ಪದೇ. ಅಲ್ಲಿಗೆ ಲೋಡಿಂಗ್ ತಕರಾರು b ಬಿಟ್ಟು A ಬಾಗಿಲಿಗೆ ಬಂತು.

ಇನ್ನು ಸ್ಟ್ರೆಸ್. ಅದು ಪಕ್ಕಪಕ್ಕದ ನೋಡ್‌ಗಳ ಡಿಸ್‌ಪ್ಲೇಸ್‌ಮೆಂಟ್ ವ್ಯತ್ಯಾಸದಿಂದ ಬರೋದು. ಎರಡು ಡಿಸ್‌ಪ್ಲೇಸ್‌ಮೆಂಟ್‌ಗಳನ್ನು 1% ನಿಖರತೆಯಲ್ಲಿ ಅಳೆದು ಕಳೆದರೆ ಉಳಿಯೋದು ಬರೀ ತಪ್ಪು. ವ್ಯತ್ಯಾಸವನ್ನೇ ನೇರವಾಗಿ ಅಳೆಯುವಂತೆ ಸರ್ಕ್ಯೂಟ್ ಕಟ್ಟಬಹುದು. ಆದರೆ ಆ ಆಂಪ್ಲಿಟ್ಯೂಡ್ ಒಂದು x_i ಗಿಂತಲೂ ತುಂಬಾ ಚಿಕ್ಕದು. ಚಿಕ್ಕದಾದಷ್ಟೂ ε ಚಿಕ್ಕದಾಗಬೇಕು, ಖರ್ಚು `1/ε` ಆಗಿ ಏರುತ್ತದೆ. ಮೆಶ್ ಸಣ್ಣ ಮಾಡಿದಷ್ಟೂ ಇದು ಕೆಡುತ್ತಾ ಹೋಗುತ್ತದೆ, κ ಕೂಡ ಜೊತೆಗೇ ಏರುತ್ತದೆ. ಫೈನೈಟ್ ಎಲಿಮೆಂಟ್‌ಗೆ ಇದನ್ನೆಲ್ಲಾ ಕೂಡಿಸಿ ಮೊಂಟನಾರೊ ಮತ್ತು ಪ್ಯಾಲಿಸ್ಟರ್ 2016ರಲ್ಲಿ ಲೆಕ್ಕ ಹಾಕಿದರು. ಆಯಾಮಗಳು ಎರಡೋ ಮೂರೋ ಅಂತ ನಿಗದಿಯಾಗಿದ್ದರೆ ಲಾಭ ಹೆಚ್ಚೆಂದರೆ ಪಾಲಿನೋಮಿಯಲ್, ಎಕ್ಸ್‌ಪೊನೆನ್ಷಿಯಲ್ ಅಲ್ಲ.

ಬೀಮು_ಕಂಬ

ಅಂಕುಡೊಂಕು ಮೆಶ್ಶೇ. ಮೂಲೆ ಹತ್ತಿರ ಇನ್ನೂ ಸಣ್ಣ ಮಾಡಿದ್ದೇವೆ. ಸರಿ, ಈಗಿರುವ ಸಾಲ್ವರ್ ಸಾಕು ನನಗೆ.

ಸಾಬೀತು

ಎಲ್ಲರೂ ತಣ್ಣೀರು ಎರಚ್ತಾ ಇದ್ದೀರಿ, ಒಂದು ಮಾತು ಸೇರಿಸಲಾ? ಎಚ್‌ಎಚ್‌ಎಲ್ ಬಿಡಿಸುವ ಸಮಸ್ಯೆ BQP-ಕಂಪ್ಲೀಟ್. ಅಂದರೆ ಯಾವ ಕ್ವಾಂಟಮ್ ಲೆಕ್ಕವನ್ನಾದರೂ ಒಂದು ಸ್ಪಾರ್ಸ್ `Ax = b` ಆಗಿ ಬರೆಯಬಹುದು. ಮಾಮೂಲಿ ಕಂಪ್ಯೂಟರ್ ಇದನ್ನು ಯಾವಾಗಲೂ ಬೇಗ ಬಿಡಿಸುತ್ತೆ ಅಂದರೆ ಕ್ವಾಂಟಮ್ ಕಂಪ್ಯೂಟರೇ ಬೇಡ ಅಂದಂತೆ. ಹಾಗಾಗಿ ಎಕ್ಸ್‌ಪೊನೆನ್ಷಿಯಲ್ ಲಾಭ ಇರುವ ವ್ಯವಸ್ಥೆಗಳು ಖಂಡಿತ ಇವೆ ಅಂತ ನಂಬೋಕೆ ಗಟ್ಟಿ ಕಾರಣ ಇದೆ.

ಅದೇ ವೇಳೆ, ಮ್ಯಾಟ್ರಿಕ್ಸ್‌ನ ರ್‍ಯಾಂಕ್ ಕಡಿಮೆ ಇದ್ದು ದತ್ತಾಂಶ ಕ್ಯೂರ್‍ಯಾಮ್ ಮರದಲ್ಲಿದೆ ಅಂತ ಊಹಿಸುವ ಕಡೆ ಲಾಭ ಕರಗಿದೆ. ಯುವಿನ್ ಟ್ಯಾಂಗ್ 2018ರಲ್ಲಿ ಶಿಫಾರಸು ಸಮಸ್ಯೆಗೆ ತೋರಿಸಿದ್ದು ಇದನ್ನೇ: ಅದೇ ಮರವನ್ನು ಮಾಮೂಲಿ ಕಂಪ್ಯೂಟರ್‌ಗೂ ಕೊಟ್ಟು, ದೊಡ್ಡ ಅಂಶಗಳನ್ನು ಹೆಚ್ಚು ಸಲ ಆರಿಸುವಂತೆ ಮಾಡಿದರೆ, ಅದೂ `log N` ಲೆಕ್ಕದಲ್ಲೇ ಉತ್ತರ ಕೊಡುತ್ತದೆ. ಪಾಲಿನೋಮಿಯಲ್ ಅಂತರ ದೊಡ್ಡದೇ ಇದೆ, ಅದು ಬೇರೆ ಮಾತು. ಅದೇ ವರ್ಷ ಕಡಿಮೆ ರ್‍ಯಾಂಕ್‌ನ ಸಮೀಕರಣ ವ್ಯವಸ್ಥೆಗಳಿಗೂ ಇದನ್ನು ವಿಸ್ತರಿಸಿದರು. ಅಂದರೆ ಅಲ್ಲಿ ವೇಗ ತಂದುಕೊಟ್ಟದ್ದು ಲೋಡಿಂಗ್ ಬಗೆಗಿನ ಊಹೆಯೇ. ಪೂರ್ಣ ರ್‍ಯಾಂಕ್‌ನ ಸ್ಪಾರ್ಸ್ ಮ್ಯಾಟ್ರಿಕ್ಸ್‌ಗೆ ಈ ತಂತ್ರ ನಡೆಯಲ್ಲ.

ಸಾಲುಸಾಲು

ಹಾಗಾದ್ರೆ ಒಳಗೂ ಸೂತ್ರ, ಹೊರಗೂ ಒಂದೇ ಸಂಖ್ಯೆ ಇರುವ ನಿಜವಾದ ಉದಾಹರಣೆ ಯಾರಾದರೂ ಪ್ರಯತ್ನಿಸಿದ್ದಾರಾ?

ಕೂಟಲೇಖ

ಇದೆ. ಕ್ಲೇಡರ್, ಜೇಕಬ್ಸ್, ಸ್ಪ್ರೌಸ್ 2013ರಲ್ಲಿ ರೇಡಾರ್ ಅಲೆ ಒಂದು ವಸ್ತುವಿಗೆ ತಾಗಿ ಎಷ್ಟು ಚದುರುತ್ತದೆ ಅನ್ನೋದನ್ನು ತೆಗೆದುಕೊಂಡರು. ಬರುವ ಅಲೆಗೆ ಸೂತ್ರ ಇದೆ, ಆದ್ದರಿಂದ b ಲೆಕ್ಕ ಹಾಕಬಹುದು. ಗ್ರಿಡ್ ನಿಯಮಿತ, ಆದ್ದರಿಂದ A ಕೂಡ. ಬೇಕಾದ ಉತ್ತರ ಚದುರುವಿಕೆಯ ಒಂದೇ ಸಂಖ್ಯೆ. κ ಇಳಿಸಲು ಪ್ರಿಕಂಡಿಷನರ್ ಕೂಡ ಸೇರಿಸಿದರು. ಕಾಗದದ ಮೇಲೆ ಎಲ್ಲಾ ಷರತ್ತಿಗೂ ಉತ್ತರ ಇತ್ತು.

2017ರಲ್ಲಿ ಷೆರರ್ ಮತ್ತು ಸಂಗಡಿಗರು ಅದೇ ಸಮಸ್ಯೆಯ ಗೇಟ್‌ಗಳನ್ನು ಎಣಿಸಿದರು. N ಸುಮಾರು 33 ಕೋಟಿ 20 ಲಕ್ಷ, ನಿಖರತೆ 1%. A ಮತ್ತು b ಅಂಶಗಳನ್ನು ಲೆಕ್ಕ ಹಾಕುವ ಆರಕಲ್‌ಗಳನ್ನು ಬಿಟ್ಟರೆ ಸರ್ಕ್ಯೂಟ್ ಆಳ ಸುಮಾರು 10^25. ಅವುಗಳನ್ನು ಸೇರಿಸಿದರೆ 10^29. ಕ್ಯೂಬಿಟ್ ಸಂಖ್ಯೆ 340ರಿಂದ 10 ಕೋಟಿಯ ಆಸುಪಾಸಿಗೆ ಹೋಯಿತು. ಒಂದು ಹೆಜ್ಜೆಗೆ ಒಂದು ನ್ಯಾನೊಸೆಕೆಂಡ್ ಅಂದರೂ ಆ ಚಿಕ್ಕ ಲೆಕ್ಕಕ್ಕೇ 30 ಕೋಟಿ ವರ್ಷ. ಸೂತ್ರ ಇದ್ದರೆ ಅಗ್ಗ ಅಂತ ನಾನೇ ಮೇಲೆ ಬರೆದೆನಲ್ಲ, ಆ ಸೂತ್ರವನ್ನು ಕ್ವಾಂಟಮ್ ಗೇಟ್‌ಗಳಲ್ಲಿ ಓಡಿಸುವ ಖರ್ಚು ಎಷ್ಟು ಅನ್ನೋದು 340 ಮತ್ತು 10 ಕೋಟಿ ನಡುವಿನ ಅಂತರದಲ್ಲಿ ಕಾಣುತ್ತದೆ.

ಸಾಬೀತು

ಆ ಎಣಿಕೆ ಹಳೆಯ ವಿಧಾನದ್ದು. ನಿಖರತೆ ಮತ್ತು κ ಅವಲಂಬನೆ ಆಮೇಲೆ ತುಂಬಾ ಸುಧಾರಿಸಿದೆ. 10^25 ಇವತ್ತು ಅಷ್ಟೇ ಇರಲ್ಲ.

ಐಗನ್

ಇಳಿಯುತ್ತೆ, ಒಪ್ಪಿದೆ. ಆದರೆ ಸುಧಾರಣೆ ಮುಖ್ಯವಾಗಿ ಆಗಿರೋದು ಮಧ್ಯದ ಭಾಗದಲ್ಲಿ. ಆರಕಲ್‌ನ ಒಂದು ಕರೆಗೆ ಬೀಳುವ ಖರ್ಚು, ಕೊನೆಯ `1/ε`, ಇವೆರಡೂ ಹಾಗೇ ಇವೆ.

ಸಾಲುಸಾಲು ಅವರೇ, ಆ ಭಾಷಣ ಮಾಡಿದವರು ಮತ್ತೆ ಸಿಕ್ಕರೆ ನಾಲ್ಕು ಪ್ರಶ್ನೆ ಕೇಳಿ. b ಎಲ್ಲಿಂದ ಬಂತು? A ಯ ಒಂದು ಸಾಲು ಕೇಳಲು ಎಷ್ಟು ಗೇಟ್? ಹೊರಗೆ ತೆಗೆಯೋದು ಯಾವ ಸಂಖ್ಯೆ, ಎಷ್ಟು ನಿಖರತೆಯಲ್ಲಿ? N ಬೆಳೆದಾಗ κ ಎಷ್ಟು ಬೆಳೆಯುತ್ತೆ?

ಸಾಲುಸಾಲು

ಸ್ಲೈಡ್‌ಗಳ ಕಡತ ಇತ್ತು, ಈಗ ಮತ್ತೆ ತೆಗೆದು ನೋಡಿದೆ. b ಬಗ್ಗೆ ಒಂದು ಸಾಲು ಇದೆ: ‘b ಲಭ್ಯವಿದೆ ಎಂದು ಭಾವಿಸೋಣ’. κ ಎಲ್ಲೂ ಇಲ್ಲ. ಕೊನೆಯ ಸ್ಲೈಡ್‌ನಲ್ಲಿ x ಗ್ರಾಫ್ ಪೂರ್ತಿ ಬಿಡಿಸಿದ್ದಾರೆ, 16 ಬಿಂದುಗಳದ್ದು.

ಹ್ಯಾಡಮಾರ್ಡ್_ಹುಡುಗ

16 ಬಿಂದು ಅಂದ್ರೆ ಅದೂ ಸ್ಟೇಟ್‌ವೆಕ್ಟರ್ ಪ್ರಿಂಟೇ ಇರಬೇಕು. ನಾನು ನನ್ನ 4×4 ಅನ್ನು ಈಗ ಶಾಟ್ಸ್ ಲೆಕ್ಕದಲ್ಲಿ ಓಡಿಸುತ್ತಾ ಇದ್ದೇನೆ. 1000 ಶಾಟ್ಸ್‌ಗೆ ಎರಡನೇ ದಶಮಾಂಶವೇ ಅಲುಗಾಡುತ್ತಿದೆ. ಋಣ ಚಿಹ್ನೆ ಇದ್ದ ಅಂಶ ಧನವಾಗಿಯೇ ಕಾಣುತ್ತಿದೆ. ಚಿಹ್ನೆ ಪಡೆಯೋಕೆ ಬೇರೆ ಬೇಸಿಸ್‌ನಲ್ಲಿ ಅಳೆಯಬೇಕಾ?

ಕೂಟಲೇಖ

ಹೌದು. ಅಳತೆಗೆ ಮುಂಚೆ ಒಂದು ಕ್ಯೂಬಿಟ್‌ಗೆ `h` ಹಾಕಿ, ಆ ಕ್ಯೂಬಿಟ್‌ನಲ್ಲಿ ಮಾತ್ರ ಬೇರೆಯಾಗಿರುವ ಎರಡು ಅಂಶಗಳ ಮೊತ್ತ ಮತ್ತು ವ್ಯತ್ಯಾಸ ಹೋಲಿಸಿ. ಚಿಹ್ನೆ ಒಂದೇ ಇದ್ದರೆ ಮೊತ್ತದ ಕಡೆ ಎಣಿಕೆ ಜಾಸ್ತಿ ಬರುತ್ತೆ. 4 ಅಂಶಕ್ಕೆ ಎರಡು ಹೆಚ್ಚುವರಿ ಸೆಟ್ಟಿಂಗ್‌ನಲ್ಲಿ ಮುಗಿಯುತ್ತೆ. ಇಡೀ x ಚಿಹ್ನೆ ತಿರುಗಿದೆಯೋ ಇಲ್ಲವೋ ಅನ್ನೋದು ಮಾತ್ರ ಹಾಗೆ ಗೊತ್ತಾಗಲ್ಲ.